ಪಾಸ್‌ವರ್ಡ್ ಹೇಳಬೇಡಿ, ತೋರಿಸಿ

ಕಳೆದ ದೀಪಾವಳಿಗೆ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಕೈಕಾಲು ತೊಳೆದು ಕೂತವನೇ, "ಅಣ್ಣ, ವೈ-ಫೈ ಪಾಸ್‌ವರ್ಡ್ ಏನು?" ಎಂದ. ನಾನು ಒಂದೊಂದೇ ಅಕ್ಷರ ಹೇಳುತ್ತಾ ಹೋದೆ. ಮೊದಲ S ದೊಡ್ಡದು, ಉಳಿದವು ಚಿಕ್ಕವು, ನಡುವೆ ಒಂದು ಸೆಮಿಕೋಲನ್. ಮೂರು ಸಲ ಟೈಪ್ ಮಾಡಿದರೂ ತಪ್ಪಾಯಿತು. ಕೊನೆಗೆ ನನ್ನ ಫೋನಿನಲ್ಲಿ ಕ್ಯೂಆರ್ ಕೋಡ್ ತೆರೆದು ಅವನ ಮುಂದೆ ಹಿಡಿದೆ. ಅವನ ಕ್ಯಾಮೆರಾ ಅದರತ್ತ ತಿರುಗುತ್ತಿದ್ದಂತೆ ನೆಟ್‌ವರ್ಕ್ ಸೇರುವುದೇ ಎಂದು ಫೋನು ಕೇಳಿತು. ಒಮ್ಮೆ ಒತ್ತಿದ, ಕೆಲಸ ಮುಗಿಯಿತು.

ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಆವೃತ್ತಿಯಲ್ಲಿ ಈ ಸೌಲಭ್ಯ ಫೋನಿನಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ತೆರೆದು, ಈಗ ಸೇರಿರುವ ನೆಟ್‌ವರ್ಕಿನ ಪಕ್ಕದ ಹಲ್ಲಿನ ಚಕ್ರದ ಗುರುತು ಒತ್ತಿದರೆ "ಶೇರ್" ಅಥವಾ "ಕ್ಯೂಆರ್ ಕೋಡ್" ಎಂಬ ಆಯ್ಕೆ ಸಿಗುತ್ತದೆ. ಬೆರಳಚ್ಚು ಅಥವಾ ಪಿನ್ ಕೊಟ್ಟ ಮೇಲೆ ಚೌಕ ಮೂಡುತ್ತದೆ. ಐಫೋನ್‌ನ ಕ್ಯಾಮೆರಾ ಇಂಥ ಕೋಡನ್ನು 2017ರ ಐಓಎಸ್ 11ರಿಂದಲೇ ಓದುತ್ತದೆ. ಐಫೋನಿನಿಂದ ಕೋಡ್ ತೋರಿಸಬೇಕಾದರೆ ಐಓಎಸ್ 18ರಲ್ಲಿ ಬಂದ ಪಾಸ್‌ವರ್ಡ್ಸ್ ಆ್ಯಪ್ ತೆರೆದು, ವೈ-ಫೈ ವಿಭಾಗದಲ್ಲಿ ಮನೆಯ ನೆಟ್‌ವರ್ಕನ್ನು ಆರಿಸಬೇಕು.

ಆ ಚೌಕದೊಳಗೆ ಇರುವುದಾದರೂ ಏನು? ಅದು ಬರಿಯ ಒಂದು ಸಾಲಿನ ಬರಹ. ಅದನ್ನು ಓದಲು ಅತಿಥಿಯ ಫೋನಿಗೆ ಇಂಟರ್‌ನೆಟ್ ಕೂಡ ಬೇಕಿಲ್ಲ. ಡೇಟಾ ಮುಗಿದ ಫೋನೂ ಓದುತ್ತದೆ. ಮನೆಯ ನೆಟ್‌ವರ್ಕಿನ ಹೆಸರು Mallige, ಪಾಸ್‌ವರ್ಡ್ Sampige22;Malli ಎಂದುಕೊಳ್ಳಿ. ಆಗ ಕೋಡಿನೊಳಗಿನ ಸಾಲು ಹೀಗಿರುತ್ತದೆ:

```
WIFI:T:WPA;S:Mallige;P:Sampige22\;Malli;;
```

T ಎಂದರೆ ಭದ್ರತೆಯ ಬಗೆ, S ನೆಟ್‌ವರ್ಕಿನ ಹೆಸರು, P ಪಾಸ್‌ವರ್ಡ್. ಒಂದು ಭಾಗ ಮುಗಿಯಿತು ಎಂದು ತಿಳಿಸುವುದು ಸೆಮಿಕೋಲನ್. ಹಾಗಾಗಿ ಪಾಸ್‌ವರ್ಡಿನಲ್ಲೇ ಸೆಮಿಕೋಲನ್ ಇದ್ದರೆ ಅದರ ಹಿಂದೆ ಓರೆಗೆರೆ ಹಾಕಿ, "ಇದು ಪಾಸ್‌ವರ್ಡಿಗೇ ಸೇರಿದ್ದು" ಎಂದು ಸೂಚಿಸಬೇಕು. ಫೋನು ತಾನೇ ಕೋಡ್ ಮಾಡುವಾಗ ಈ ಗುರುತನ್ನು ಹಾಕಿಕೊಳ್ಳುತ್ತದೆ.

ನಾನು ಎಡವಿದ್ದು ಇಲ್ಲೇ. ಪ್ರತಿ ಸಲ ಫೋನ್ ತೆಗೆಯುವುದೇಕೆ, ಗೋಡೆಗೆ ಅಂಟಿಸೋಣ ಎಂದು ಆ ಸಾಲನ್ನು ಕೈಯಾರೆ ಬರೆದು ಕೋಡ್ ಮಾಡಿ ಮುದ್ರಿಸಿದೆ. ಓರೆಗೆರೆ ಹಾಕುವುದು ಮರೆತಿತ್ತು. ಅತಿಥಿಗಳ ಫೋನು Sampige22 ಎಂಬಲ್ಲಿಗೆ ಪಾಸ್‌ವರ್ಡ್ ಮುಗಿಯಿತೆಂದು ತಿಳಿಯಿತು. ಕೋಡ್ ಸರಿಯಾಗಿ ಓದಿಸಿಕೊಳ್ಳುತ್ತಿತ್ತು, ನೆಟ್‌ವರ್ಕಿನ ಹೆಸರೂ ಬರುತ್ತಿತ್ತು, ಸಂಪರ್ಕ ಮಾತ್ರ ಆಗುತ್ತಿರಲಿಲ್ಲ. ಒಳಗಿನ ಬರಹವನ್ನು ಹಾಗೆಯೇ ತೋರಿಸುವ ಸ್ಕ್ಯಾನರ್ ಆ್ಯಪ್‌ನಿಂದ ಓದಿ ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು.

ಹೆಸರು ಕಂಡೂ ಸಂಪರ್ಕ ಆಗದಿದ್ದರೆ ಇನ್ನೊಂದು ಕಾರಣವೂ ಇರಬಹುದು. ಮುದ್ರಿಸಿದ ಮೇಲೆ ಯಾರಾದರೂ ಪಾಸ್‌ವರ್ಡ್ ಬದಲಿಸಿದ್ದರೆ ಗೋಡೆಯ ಕಾಗದದಲ್ಲಿ ಹಳೆಯದೇ ಉಳಿದಿರುತ್ತದೆ. ಅದು ತಾನಾಗಿ ಬದಲಾಗದು, ಹೊಸದಾಗಿಯೇ ಮುದ್ರಿಸಬೇಕು.

ಒಳಗಿನ ಬರಹ ಹೀಗೆ ಓದಲು ಸಿಗುತ್ತದೆ ಎಂಬುದರಲ್ಲೇ ಎಚ್ಚರಿಕೆಯೂ ಇದೆ. ಕ್ಯೂಆರ್ ಕೋಡ್ ಬೀಗವಲ್ಲ. ಅದು ಪಾಸ್‌ವರ್ಡನ್ನೇ ಬೇರೊಂದು ಲಿಪಿಯಲ್ಲಿ ಬರೆದ ಚೀಟಿ. ಅದರ ಸ್ಕ್ರೀನ್‌ಶಾಟನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದರೆ ಪಾಸ್‌ವರ್ಡನ್ನೇ ಬರೆದು ಹಾಕಿದಂತೆ. ಒಮ್ಮೆ ಸೇರಿದ ಅತಿಥಿ ತನ್ನ ಫೋನಿನಿಂದ ಅದೇ ಕೋಡನ್ನು ಮತ್ತೊಬ್ಬರಿಗೆ ತೋರಿಸಲೂಬಹುದು. ಕೊಟ್ಟ ಪ್ರವೇಶವನ್ನು ಹಿಂದಕ್ಕೆ ಪಡೆಯಬೇಕಾದರೆ ಪಾಸ್‌ವರ್ಡ್ ಬದಲಿಸಬೇಕು; ಆಗ ಟಿವಿ, ಲ್ಯಾಪ್‌ಟಾಪ್ ಸೇರಿದಂತೆ ಮನೆಯ ಎಲ್ಲ ಸಾಧನಗಳನ್ನೂ ಮತ್ತೆ ಜೋಡಿಸಬೇಕಾಗುತ್ತದೆ.

ಆ ತಾಪತ್ರಯ ತಪ್ಪಿಸಲು ಹಲವು ರೌಟರ್‌ಗಳಲ್ಲಿ "ಗೆಸ್ಟ್ ನೆಟ್‌ವರ್ಕ್" ಎಂಬ ವ್ಯವಸ್ಥೆ ಇದೆ. ಅತಿಥಿಗಳಿಗೆಂದೇ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಸಾಮಾನ್ಯವಾಗಿ ಅದಕ್ಕೆ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆಯೇ ಹೊರತು ಮನೆಯ ಪ್ರಿಂಟರ್, ಕಂಪ್ಯೂಟರ್‌ಗಳು ಕಾಣುವುದಿಲ್ಲ. ಈಗ ನಮ್ಮ ಮನೆಯಲ್ಲಿ ಮುದ್ರಿಸಿಟ್ಟಿರುವುದು ಆ ನೆಟ್‌ವರ್ಕಿನ ಕೋಡ್. ಅದರ ಪಾಸ್‌ವರ್ಡಿನಲ್ಲಿ ಅಕ್ಷರ, ಅಂಕಿ ಬಿಟ್ಟು ಬೇರೆ ಚಿಹ್ನೆಗಳಿಲ್ಲ. ಕಾಗದವೂ ಈಗ ಕಿಟಕಿಯಾಚೆಗೆ ಕಾಣುವ ಗೋಡೆಯ ಮೇಲಿಲ್ಲ, ನಡುಮನೆಯ ಬೀರುವಿನ ಬಾಗಿಲ ಒಳಬದಿಯಲ್ಲಿದೆ. ನೆಂಟರು ಕೇಳಿದಾಗ ಬಾಗಿಲು ತೆರೆದು ತೋರಿಸುತ್ತೇನೆ.