ಬಗ್ಗಿದಾಗ ಚಿವುಟುವ ತೊಡೆಸಂದು

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದೋ ಕಚೇರಿ ಎಂದಿಟ್ಟುಕೊಳ್ಳಿ. 28 ವರ್ಷದ ಯುವಕನೊಬ್ಬ ಕುರ್ಚಿಯಲ್ಲಿ ಕೂತಲ್ಲಿಂದಲೇ ಬಗ್ಗಿ, ಕೆಳಗಿನ ಡ್ರಾಯರ್‌ನಿಂದ ಚಾರ್ಜರ್ ಎಳೆದುಕೊಳ್ಳುತ್ತಾನೆ. ಬಲತೊಡೆ ಹೊಟ್ಟೆಗೆ ಕೂಡುವ ಮಡಿಕೆಯಲ್ಲಿ, ಒಳಗೆ ಆಳದಲ್ಲಿ, ಯಾರೋ ಚಿವುಟಿದಂತಾಗುತ್ತದೆ. ನೆಟ್ಟಗೆ ಕೂತರೆ ನೋವು ಮಾಯ. ಶೂ ಲೇಸ್ ಕಟ್ಟುವಾಗಲೂ ಇದೇ ಕಥೆ, ಸಂಜೆ ಕ್ಯಾಬ್‌ನಿಂದ ಇಳಿಯುವಾಗಲೂ ಇದೇ. ನಡೆದರೆ ಏನೂ ಇಲ್ಲ. ಎಲ್ಲಿ ನೋವು ಎಂದು ಕೇಳಿದರೆ ಒಂದು ಬೆರಳಿಟ್ಟು ತೋರಿಸಲಾರ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಬರುವಂತೆ ಕೈಯನ್ನು ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಬಾಗಿಸಿ, ಸೊಂಟದ ಪಕ್ಕವನ್ನೇ ಹಿಡಿದು ತೋರಿಸುತ್ತಾನೆ. ಮೂಳೆ ವೈದ್ಯರು ಈ ಕೈಯ ಭಂಗಿಯನ್ನು ಕಂಡೊಡನೆ ಬೆನ್ನನ್ನು ಬಿಟ್ಟು ತೊಡೆಯ ಕೀಲಿನ ಕಡೆ ಯೋಚಿಸತೊಡಗುತ್ತಾರೆ.

ಇಂಥವನು ಒಬ್ಬನೇ ಅಲ್ಲ. ಕೂತು ಕೆಲಸ ಮಾಡುವ, ವಾರಾಂತ್ಯಕ್ಕೆ ಜಿಮ್‌ಗೋ ಟರ್ಫ್ ಫುಟ್‌ಬಾಲ್‌ಗೋ ಹೋಗುವ ಹಲವರು ಹೀಗೇ ಹೇಳಿಕೊಂಡು ಬರುತ್ತಾರೆ.

ತೊಡೆಮೂಳೆಯ ತುದಿಯ ಗುಂಡು ಸೊಂಟದ ಮೂಳೆಯ ಬಟ್ಟಲಿನಲ್ಲಿ ಕೂತು ತಿರುಗುತ್ತದೆ, ಒರಳಿನಲ್ಲಿ ಗುಂಡುಕಲ್ಲು ತಿರುಗುವ ಹಾಗೆ. ಬಟ್ಟಲಿನ ಅಂಚಿಗೆ ಸುತ್ತಲೂ ರಬ್ಬರಿನಂಥ ಒಂದು ಪಟ್ಟಿ ಇದೆ. ಅದರ ಹೆಸರು ಲೇಬ್ರಮ್. ಗುಂಡಿನ ಕೆಳಗೆ ಮೂಳೆ ಸಪೂರಾಗಿ ಕುತ್ತಿಗೆಯಾಗುತ್ತದೆ. ಆ ಸಪೂರಿನಿಂದಲೇ ತೊಡೆಯನ್ನು ಹೊಟ್ಟೆಯತ್ತ ಮಡಚಲು ಜಾಗ ಸಿಗುವುದು. ಕೆಲವರಲ್ಲಿ ಗುಂಡು ಕುತ್ತಿಗೆಯನ್ನು ಸೇರುವಲ್ಲಿ, ಮುಂಭಾಗದಲ್ಲಿ, ಮೂಳೆ ಸ್ವಲ್ಪ ಉಬ್ಬಿರುತ್ತದೆ. ಇದಕ್ಕೆ ಕ್ಯಾಮ್ ಎನ್ನುತ್ತಾರೆ. ಇನ್ನು ಕೆಲವರಲ್ಲಿ ಬಟ್ಟಲಿನ ಅಂಚೇ ಗುಂಡನ್ನು ಬೇಕಾದ್ದಕ್ಕಿಂತ ಹೆಚ್ಚು ಮುಚ್ಚಿರುತ್ತದೆ, ಅದು ಪಿನ್ಸರ್. ಎರಡೂ ಒಟ್ಟಿಗೆ ಇರುವುದೂ ಉಂಟು. ತೊಡೆ ಮೇಲೆ ಬಂದು ಒಳಗೆ ತಿರುಗಿದಾಗ ಉಬ್ಬು ಅಂಚಿಗೆ ತಾಗುತ್ತದೆ, ನಡುವೆ ಸಿಕ್ಕ ಲೇಬ್ರಮ್ ನಲುಗುತ್ತದೆ. ಆ ನಲುಗುವಿಕೆಯೇ ಚಿವುಟಿದ ಅನುಭವ. ಇದನ್ನು ವೈದ್ಯರು ಹಿಪ್ ಇಂಪಿಂಜ್‌ಮೆಂಟ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರಚಿಕಿತ್ಸಕ ರೈನ್‌ಹೋಲ್ಡ್ ಗಾನ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಬಂಧದ ನಂತರ ಈ ವಿಚಾರ ಜಗತ್ತಿನ ಗಮನಕ್ಕೆ ಬಂತು. ವಯಸ್ಸಾದ ಮೇಲೆ ಕೀಲು ಸವೆಯುವುದರ ಬೇರು ಕೆಲವರಲ್ಲಿ ಈ ಯೌವನದ ತಾಗಾಟದಲ್ಲಿದೆ ಎಂಬುದು ಅವರ ವಾದವಾಗಿತ್ತು.

ಕ್ಯಾಮ್ ಉಬ್ಬು ಬಹುಮಟ್ಟಿಗೆ ಹದಿಹರೆಯದಲ್ಲಿ ಮೂಡುತ್ತದೆ. ಮೂಳೆ ಬೆಳೆಯುವ ಜಾಗ ಇನ್ನೂ ಮುಚ್ಚಿರದ ವಯಸ್ಸಿನಲ್ಲಿ ಫುಟ್‌ಬಾಲ್, ಐಸ್ ಹಾಕಿಯಂಥ ಆಟಗಳನ್ನು ತೀವ್ರವಾಗಿ ಆಡಿದ ಹುಡುಗರಲ್ಲಿ ಇದು ಹೆಚ್ಚು. ಅಂದರೆ ನಮ್ಮ ಯುವಕನಿಗೆ ಉಬ್ಬನ್ನು ಕೊಟ್ಟಿದ್ದು ಕಚೇರಿಯ ಕುರ್ಚಿಯಲ್ಲ, ಬಹುಶಃ ಶಾಲೆಯ ಮೈದಾನ. ಕುರ್ಚಿ ಮಾಡಿದ್ದು, ದಿನಕ್ಕೆ ಎಂಟೊಂಬತ್ತು ತಾಸು ಕೀಲನ್ನು ತಾಗುವ ಕೋನದ ಹತ್ತಿರವೇ ಇಟ್ಟದ್ದು.

ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಎಕ್ಸ್-ರೇಯಲ್ಲಿ ಉಬ್ಬು ಕಂಡಿತು, ಎಂಆರ್‌ಐಯಲ್ಲಿ ‘ಲೇಬ್ರಮ್ ಹರಿದಿದೆ’ ಎಂದು ಬರೆದಿದೆ, ಇನ್ನೇನು, ಆಪರೇಷನ್ನೇ ಗತಿ ಎಂದು ಹೆದರುವವರು ಬಹಳ. ಆದರೆ ಸೊಂಟದ ನೋವೇ ಇಲ್ಲದ 45 ಮಂದಿಗೆ ಎಂಆರ್‌ಐ ಮಾಡಿ 2012ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಶೇ 69ರಷ್ಟು ಕೀಲುಗಳಲ್ಲಿ ಲೇಬ್ರಮ್ ಹರಿದಿತ್ತು! ಅವರ ಸರಾಸರಿ ವಯಸ್ಸು 38ರ ಆಸುಪಾಸು. ಕ್ಯಾಮ್ ಉಬ್ಬು ಇದ್ದೂ ಜೀವನಪೂರ್ತಿ ನೋವಿಲ್ಲದೆ ಓಡಾಡುವವರೂ ಬೇಕಾದಷ್ಟಿದ್ದಾರೆ. ಇದಕ್ಕಾಗಿಯೇ 2016ರಲ್ಲಿ ಇಂಗ್ಲೆಂಡಿನ ವಾರಿಕ್‌ನಲ್ಲಿ ಸೇರಿದ ತಜ್ಞರು ಒಂದು ಒಪ್ಪಂದಕ್ಕೆ ಬಂದರು. ರೋಗಿ ಹೇಳುವ ನೋವು, ಪರೀಕ್ಷೆಯಲ್ಲಿ ವೈದ್ಯರಿಗೆ ಸಿಗುವ ಲಕ್ಷಣ, ಚಿತ್ರದಲ್ಲಿ ಕಾಣುವ ಆಕಾರ, ಈ ಮೂರೂ ಒಂದಕ್ಕೊಂದು ಹೊಂದಿದರೆ ಮಾತ್ರ ಇಂಪಿಂಜ್‌ಮೆಂಟ್ ಸಿಂಡ್ರೋಮ್ ಎನ್ನಬೇಕು. ಬರಿಯ ಚಿತ್ರಕ್ಕೆ ಚಿಕಿತ್ಸೆಯಿಲ್ಲ.

ಪರೀಕ್ಷೆ ಸರಳ. ಅಂಗಾತ ಮಲಗಿಸಿ, ತೊಡೆಯನ್ನು ತೊಂಬತ್ತು ಡಿಗ್ರಿಗೆ ಮಡಚಿ, ಮಂಡಿಯನ್ನು ಎದುರು ಬದಿಗೆ ಒತ್ತಿ, ಪಾದವನ್ನು ಹೊರಗೆ ಎಳೆಯುತ್ತಾರೆ. ಆಗ ತೊಡೆ ಒಳಮುಖವಾಗಿ ತಿರುಗುತ್ತದೆ. ಪರಿಚಿತ ಚಿವುಟು ಬಂತೆಂದರೆ ಅನುಮಾನ ಬಲವಾಯಿತು, ಅಷ್ಟೆ. ಕೀಲಿನ ಬೇರೆ ತೊಂದರೆಗಳಲ್ಲೂ ಇದೇ ಪರೀಕ್ಷೆ ನೋಯಿಸುತ್ತದೆ. ಬರಲೇ ಇಲ್ಲ ಎಂದಾದರೆ ಅದು ಹೆಚ್ಚು ಉಪಯುಕ್ತ ಸುದ್ದಿ, ಇಂಪಿಂಜ್‌ಮೆಂಟ್ ಇರುವ ಸಾಧ್ಯತೆ ಕಡಿಮೆ. ಗೊಂದಲ ಉಳಿದರೆ ಕೀಲಿನೊಳಗೆ ಮರಗಟ್ಟಿಸುವ ಮದ್ದು ಚುಚ್ಚಿ, ಆ ಕೆಲವು ತಾಸು ನೋವು ಹೋಗುತ್ತದೆಯೇ ಎಂದು ನೋಡುತ್ತಾರೆ. ಹೋದರೆ ನೋವಿನ ಮನೆ ಕೀಲೇ, ಬೆನ್ನಲ್ಲ ಎಂದು ತಿಳಿಯುತ್ತದೆ.

ಯುವಕರ ತೊಡೆಸಂದಿನ ನೋವೆಲ್ಲ ಇದೇ ಎಂದುಕೊಳ್ಳಬಾರದು. ಬೆಳಗ್ಗೆ ಎದ್ದಾಗ ಅರ್ಧ ತಾಸಿಗೂ ಮೀರಿ ಬಿಗಿತವಿದ್ದು, ಓಡಾಡಿದಂತೆ ಸಡಿಲವಾದರೆ ಅದು ಉರಿಯೂತದ ಸಂಧಿವಾತ ಇರಬಹುದು. ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರಲ್ಲಿ, ಬಹಳ ಕುಡಿಯುವವರಲ್ಲಿ ತೊಡೆಮೂಳೆಯ ಗುಂಡಿಗೆ ರಕ್ತ ಸಾಲದೆ ಮೂಳೆ ಸಾಯುವುದುಂಟು. ಹೊಸದಾಗಿ ಮ್ಯಾರಥಾನ್ ಅಭ್ಯಾಸಕ್ಕಿಳಿದವನಿಗೆ ಕಾಲೂರಿದರೆ ನೋವೆಂದರೆ ತೊಡೆಮೂಳೆಯ ಕುತ್ತಿಗೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ರಾತ್ರಿ ನೋವು, ಜ್ವರ, ತೂಕ ಇಳಿಕೆ, ಕುಂಟುವಿಕೆ ಇದ್ದರೆ ಕೀಲಿನ ಕ್ಷಯದಂಥ ಸೋಂಕಿನ ಅನುಮಾನವೂ ಬರಬೇಕು. ಇಂಥವುಗಳಲ್ಲಿ ಮನೆಯ ಪ್ರಯೋಗ ಬೇಡ, ಬೇಗ ವೈದ್ಯರನ್ನು ಕಾಣಬೇಕು.

ಇವೆಲ್ಲ ಇಲ್ಲ ಎಂದು ಖಚಿತವಾದ ಮೇಲೆ ನಮ್ಮ ಯುವಕನ ಕೈಯಲ್ಲೇ ಇರುವ ಕೆಲಸ ಬಹಳಷ್ಟಿದೆ. ಅದಕ್ಕೂ ಮೊದಲು, ಅವನು ಈಗಾಗಲೇ ಮಾಡುತ್ತಿರುವ ಒಂದನ್ನು ನಿಲ್ಲಿಸಬೇಕು. ‘ಬಿಗಿಯಾಗಿದೆ, ಎಳೆದರೆ ಸಡಿಲವಾಗುತ್ತದೆ’ ಎಂದು ಅವನು ದಿನವೂ ಮಂಡಿಯನ್ನು ಎದೆಗೆ ಅಪ್ಪಿಕೊಂಡು ಎಳೆಯುತ್ತಾನೆ. ಯೋಗ ಬಲ್ಲವರಿಗೆ ಪವನಮುಕ್ತಾಸನವೆಂದು ಗೊತ್ತಿರುವ ಭಂಗಿ ಅದು. ಸ್ನಾಯುವಿನ ಬಿಗಿತವಾಗಿದ್ದರೆ ಸರಿ. ಇಲ್ಲಿ ಮೂಳೆಗೆ ಮೂಳೆ ಅಡ್ಡ. ಎಳೆದಷ್ಟೂ ನಲುಗಿದ ಪಟ್ಟಿಯನ್ನೇ ಮತ್ತೆ ನಲುಗಿಸಿದಂತೆ. ಪಶ್ಚಿಮೋತ್ತಾನಾಸನವನ್ನು ಹಠ ಹಿಡಿದು ಮಾಡುವುದೂ ಇದೇ ಬಗೆ. ಎಳೆದಾಗ ತೊಡೆಯ ಹಿಂದೆ ಸೆಳೆತ ಬಂದರೆ ಅದು ಸ್ನಾಯು. ಮುಂದೆ, ಸಂದಿನಲ್ಲಿ ಚಿವುಟಿದರೆ ಅಲ್ಲಿಗೆ ನಿಲ್ಲಿಸಬೇಕು.

ಇನ್ನು ಕುರ್ಚಿ. ಕೀಲು ಸುಮಾರು 120 ಡಿಗ್ರಿಯವರೆಗೆ ಮಡಚಬಲ್ಲದು. ಸಾಧಾರಣ ಕುರ್ಚಿಯಲ್ಲಿ ಕೂತಾಗಲೇ 90 ಮುಗಿದಿರುತ್ತದೆ. ಅಲ್ಲಿಂದ ಡ್ರಾಯರ್‌ಗೆ ಬಗ್ಗಿದರೆ ಉಳಿದ ಅಲ್ಪ ಜಾಗವೂ ಖಾಲಿ. ಸೀಟನ್ನು ಏರಿಸಿ ಸೊಂಟ ಮಂಡಿಗಿಂತ ಎರಡು ಮೂರು ಬೆರಳು ಮೇಲಿರುವಂತೆ ಮಾಡಿದರೆ, ಬೆನ್ನಿನ ಒರಗನ್ನು ತುಸು ಹಿಂದಕ್ಕೆ ಬಿಟ್ಟರೆ ಕೋನ ತೆರೆಯುತ್ತದೆ. ಕಾಲು ನೆಲಕ್ಕೆ ಎಟುಕಬೇಕು, ಇಲ್ಲದಿದ್ದರೆ ತೊಡೆಯಡಿ ಒತ್ತಿ ಇನ್ನೊಂದು ತೊಂದರೆ ಶುರು. ಅರ್ಧ ತಾಸಿಗೊಮ್ಮೆ ಎದ್ದು ನೀರು ಕುಡಿದು ಬಂದರೂ ಸಾಕು, ಕೀಲಿಗೆ ಬಿಡುವು ಸಿಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ‘ಬೆನ್ನು ಸೆಟೆಸಿ ಕೂರು’ ಎಂಬ ಒಳ್ಳೆಯ ಬುದ್ಧಿಮಾತು ಈ ನೋವಿಗೆ ಕೆಲವೊಮ್ಮೆ ಕೆಟ್ಟದ್ದು. ಸೊಂಟವನ್ನು ಮುಂದಕ್ಕೆ ಬಾಗಿಸಿ ಬೆನ್ನು ಸೆಟೆಸಿದರೆ ಬಟ್ಟಲಿನ ಮುಂದಿನ ಅಂಚು ಕೆಳಗೆ ಬಂದು ಉಬ್ಬಿಗೆ ಇನ್ನೂ ಬೇಗ ಅಡ್ಡವಾಗುತ್ತದೆ. ಕುರ್ಚಿಯಲ್ಲಿ ಕೂತು ಒಮ್ಮೆ ಬೆನ್ನನ್ನು ಸೆಟೆಸಿ, ಒಮ್ಮೆ ಒರಗಿಗೆ ಸಡಿಲವಾಗಿ ಆತು ನೋಡಿ. ಯಾವುದರಲ್ಲಿ ಚಿವುಟು ಕಡಿಮೆಯೋ ಅದೇ ನಿಮ್ಮ ಸದ್ಯದ ಭಂಗಿ. ಭಂಗಿಯ ಬಗ್ಗೆ ಪೋಸ್ಟರು ಏನು ಹೇಳಿದರೂ ನಾನು ಈ ಪರೀಕ್ಷೆಯನ್ನೇ ನಂಬುತ್ತೇನೆ.

ನೆಲದಿಂದ ಏನಾದರೂ ಎತ್ತಬೇಕಾದರೆ ನೋವಿರುವ ಕಡೆಯ ಮಂಡಿಯನ್ನು ನೆಲಕ್ಕೂರಿ ಇಳಿಯಬೇಕು, ಆಗ ಆ ಕೀಲು ಹೆಚ್ಚು ಮಡಚುವುದಿಲ್ಲ. ಲೇಸ್ ಕಟ್ಟಲು ಆ ಪಾದವನ್ನು ಇನ್ನೊಂದು ಮಂಡಿಯ ಮೇಲೆ ಹಾಕಿಕೊಂಡರೆ ತೊಡೆ ಹೊರಕ್ಕೆ ತಿರುಗಿ ಬಹಳ ಮಂದಿಗೆ ಜಾಗ ಸಿಗುತ್ತದೆ. ಇದೇ ಕಾರಣಕ್ಕೆ ಚಕ್ಕಳಮಕ್ಕಳ ಕೂರುವುದು ಎಷ್ಟೋ ಜನರಿಗೆ ಡ್ರಾಯರ್‌ಗೆ ಬಗ್ಗುವುದಕ್ಕಿಂತ ಹಿತ. ಮಂಡಿ ಒಳಕ್ಕೆ ಕೂಡಿಸಿ ಕೂರುವುದು ಇದಕ್ಕೆ ತದ್ವಿರುದ್ಧ. ಕ್ಯಾಬ್‌ನಿಂದ ಇಳಿಯುವಾಗ ಒಂದೇ ಕಾಲನ್ನು ಮೊದಲು ಹೊರಗೆ ಚಾಚದೆ, ಎರಡೂ ಕಾಲನ್ನು ಒಟ್ಟಿಗೆ ಬಾಗಿಲ ಕಡೆ ತಿರುಗಿಸಬೇಕು. ಕಮೋಡಿಲ್ಲದ ಊರಿನ ಮನೆಗೆ ಹೋದಾಗ ತೊಡೆ ತುಂಬ ಮಡಚುವ ಅನಿವಾರ್ಯವಿದ್ದರೆ ಮಂಡಿಗಳನ್ನು ಅಗಲಿಸಿ, ಪಾದ ತುಸು ಹೊರಕ್ಕೆ ತಿರುಗಿಸಿ ಕೂತರೆ ಕೆಲವರಿಗೆ ಅನುಕೂಲ.

ಜಿಮ್ ಬಿಡಬೇಕಿಲ್ಲ. ನೆಲಕ್ಕೆ ತಾಗುವಷ್ಟು ಸ್ಕ್ವಾಟ್ ಮಾಡುವ ಬದಲು ಹಿಂದೆ ಒಂದು ಪೆಟ್ಟಿಗೆಯಿಟ್ಟು, ಅದಕ್ಕೆ ತಾಗಿದೊಡನೆ ಏಳುವುದು. ಪೆಟ್ಟಿಗೆಯ ಎತ್ತರ ಚಿವುಟು ಶುರುವಾಗುವುದಕ್ಕಿಂತ ಸ್ವಲ್ಪ ಮೇಲಿರಲಿ. ಸೈಕಲ್ ತುಳಿಯುವವರು ಸೀಟು ಏರಿಸಬೇಕು, ಹ್ಯಾಂಡಲನ್ನೂ ಏರಿಸಬೇಕು. ಜೊತೆಗೆ ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು: ಅಂಗಾತ ಮಲಗಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಕಾಲು ಎತ್ತುವುದು. ಸ್ನಾಯು ಗಟ್ಟಿಯಾದರೆ ಉಬ್ಬು ಕರಗುವುದಿಲ್ಲ. ಆದರೆ ಬಗ್ಗುವಾಗ, ಹತ್ತುವಾಗ ತೊಡೆ ಒಳಗೆ ಬೀಳದಂತೆ ತಡೆಹಿಡಿಯುವುದು ಆ ಸ್ನಾಯುಗಳೇ. ವ್ಯಾಯಾಮದ ವೇಳೆ ಹತ್ತರಲ್ಲಿ ಎರಡು ಮೂರರಷ್ಟು ನೋವು ಬಂದರೆ ಅಡ್ಡಿಯಿಲ್ಲ. ಮರುದಿನಕ್ಕೂ ಉಳಿದರೆ ಮಾಡಿದ್ದು ಹೆಚ್ಚಾಯಿತೆಂದು ಅರ್ಥ.

ಎಷ್ಟು ಕಾಲ ಕಾಯಬೇಕು? ಕನಿಷ್ಠ ಮೂರು ತಿಂಗಳು, ಅದೂ ಫಿಸಿಯೋಥೆರಪಿಸ್ಟ್ ನೋಡಿಕೊಂಡು ಹಂತಹಂತವಾಗಿ ಏರಿಸಿದ ವ್ಯಾಯಾಮದೊಂದಿಗೆ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 348 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ದೂರ್ಬೀನು ಶಸ್ತ್ರಚಿಕಿತ್ಸೆ, ಉಳಿದವರಿಗೆ ವೈಯಕ್ತಿಕ ಫಿಸಿಯೋಥೆರಪಿ ನಿಗದಿಯಾಗಿತ್ತು. ವರ್ಷದ ಕೊನೆಗೆ ಎರಡೂ ಗುಂಪು ಸುಧಾರಿಸಿದವು. ನೂರು ಅಂಕದ ಅಳತೆಯಲ್ಲಿ ಶಸ್ತ್ರಚಿಕಿತ್ಸೆಯವರು ಸರಾಸರಿ 6.8 ಅಂಕ ಮುಂದಿದ್ದರು. ರೋಗಿಗೆ ಗಮನಕ್ಕೆ ಬರುವ ಅಂತರವೇನೋ ಹೌದು, ಆದರೆ ಅಷ್ಟೇ. ನನ್ನ ಲೆಕ್ಕದಲ್ಲಿ ಇದರ ಅರ್ಥ, ಮೊದಲು ವ್ಯಾಯಾಮ, ಅದು ಸಾಲದಿದ್ದರೆ ಕತ್ತಿ.

ಕತ್ತಿಯೂ ಎಲ್ಲರಿಗಲ್ಲ. ಎಕ್ಸ್-ರೇಯಲ್ಲಿ ಗುಂಡು-ಬಟ್ಟಲಿನ ನಡುವಿನ ಅಂತರ 2 ಮಿಲಿಮೀಟರಿಗೆ ಇಳಿದಿದ್ದರೆ ಮೃದ್ವಸ್ಥಿ ಆಗಲೇ ಸವೆದಿದೆ, ಉಬ್ಬು ಕೆರೆದು ತೆಗೆದರೂ ಫಲ ಕಡಿಮೆ. ಮೃದ್ವಸ್ಥಿ ಚೆನ್ನಾಗಿದ್ದು, ಮೂರು ತಿಂಗಳ ವ್ಯಾಯಾಮದ ನಂತರವೂ ನೋವು ಬಗ್ಗದ ಯುವಕನಿಗೆ ಅದು ಒಳ್ಳೆಯ ಆಯ್ಕೆ. ಆಪರೇಷನ್ ಆದವನೂ ಕೆಲವು ವಾರ ಊರುಗೋಲು ಹಿಡಿಯುತ್ತಾನೆ. ಆಮೇಲೆ ತಿಂಗಳುಗಟ್ಟಲೆ ಅದೇ ಫಿಸಿಯೋಥೆರಪಿ ಮಾಡುತ್ತಾನೆ.