ಬಾಯ್ಲರ್ ಹೊತ್ತುವ ಮೊದಲಿನ ಒಂದು ನಿಮಿಷ

ಡೈರಿಯಲ್ಲಿ, ಆಸ್ಪತ್ರೆಯ ಲಾಂಡ್ರಿಯಲ್ಲಿ, ಗಾರ್ಮೆಂಟ್ಸ್‌ನ ಇಸ್ತ್ರಿ ವಿಭಾಗದಲ್ಲಿ ಗ್ಯಾಸಿನಿಂದ ಉರಿಯುವ ಸಣ್ಣ ಬಾಯ್ಲರ್‌ಗಳಿರುತ್ತವೆ. ಸ್ವಿಚ್ ಒತ್ತಿದ ಕೂಡಲೇ ಅವು ಹೊತ್ತಿಕೊಳ್ಳುವುದಿಲ್ಲ. ಮುಕ್ಕಾಲು ನಿಮಿಷ ಬರೀ ಬ್ಲೋವರ್ ಸದ್ದು. ಉಗಿಗಾಗಿ ಕಾದು ನಿಂತವರಿಗೆ ಅದು ವ್ಯರ್ಥ ಹೊತ್ತು ಅನ್ನಿಸುತ್ತದೆ. ಆದರೆ ಬಾಯ್ಲರ್ ಮನೆಯಲ್ಲಿರುವವರ ಪ್ರಾಣ ನಿಂತಿರುವುದು ಆ ಹೊತ್ತಿನ ಮೇಲೆಯೇ.

ಗಂಟೆಗೆ 500 ಕಿಲೋ ಉಗಿ ಕೊಡುವ ಒಂದು ಬಾಯ್ಲರ್ ಇದೆ ಅಂದುಕೊಳ್ಳಿ. ಪೂರ್ತಿ ಉರಿಯುವಾಗ ಅದಕ್ಕೆ ಗಂಟೆಗೆ ಸುಮಾರು 40 ಘನ ಮೀಟರ್ ನೈಸರ್ಗಿಕ ಅನಿಲ ಬೇಕು, ಅದನ್ನು ಸುಡಲು 480 ಘನ ಮೀಟರ್ ಗಾಳಿ ಬೇಕು. ಕುಲುಮೆ, ಹೊಗೆ ಕೊಳವೆಗಳು ಎಲ್ಲ ಸೇರಿ ಒಳಗಿನ ಜಾಗ ಒಂದೂವರೆ ಘನ ಮೀಟರ್. ಗಾಳಿಯಲ್ಲಿ ಈ ಅನಿಲ ಶೇಕಡಾ 5ರಿಂದ 15ರವರೆಗೆ ಬೆರೆತಿದ್ದರೆ ಕಿಡಿ ತಗುಲಿದೊಡನೆ ಸಿಡಿಯಬಲ್ಲದು. ನಮ್ಮ ಬರ್ನರ್ ಕೊಡುವ ಮಿಶ್ರಣದಲ್ಲಿ ಅದು ಹೆಚ್ಚುಕಡಿಮೆ ಶೇಕಡಾ 8. ಅಂದರೆ ಜ್ವಾಲೆ ಆರಿಯೂ ಗ್ಯಾಸ್ ಹರಿಯುತ್ತಲೇ ಇದ್ದರೆ ಹತ್ತೇ ಸೆಕೆಂಡಿನಲ್ಲಿ ಇಡೀ ಕುಲುಮೆ ಸಿಡಿಮದ್ದಿನ ಕೋಣೆಯಾಗುತ್ತದೆ. ಬರ್ನರ್ ಕಂಟ್ರೋಲರ್ ಮಾಡುವ ಎಲ್ಲ ಕೆಲಸದ ಹಿಂದಿರುವುದು ಈ ಹತ್ತು ಸೆಕೆಂಡಿನ ಲೆಕ್ಕ.

ಮೊದಲ ಕೆಲಸ ಪರ್ಜ್, ಒಳಗೆ ಉಳಿದಿರಬಹುದಾದ ಗ್ಯಾಸನ್ನು ಚಿಮಣಿಯಿಂದ ಹೊರಗೆ ತಳ್ಳುವುದು. ಇಂಥ ಬಾಯ್ಲರ್‌ನಲ್ಲಿ ಒಳಗಿನ ಗಾಳಿ ಕನಿಷ್ಠ ನಾಲ್ಕು ಸಲ ಬದಲಾಗಬೇಕು ಎಂಬ ರೂಢಿ ಇದೆ. ನಾಲ್ಕು ಸಲಕ್ಕೆ 6 ಘನ ಮೀಟರ್. ನಿಮಿಷಕ್ಕೆ 8 ಘನ ಮೀಟರ್ ಊದುವ ಬ್ಲೋವರ್‌ಗೆ ಅದು 45 ಸೆಕೆಂಡಿನ ಕೆಲಸ. ಗಾಳಿ ನಿಜವಾಗಿ ಬರುತ್ತಿದೆ ಎಂದು ಒತ್ತಡದ ಸ್ವಿಚ್ ಹೇಳಿದ ಮೇಲಷ್ಟೇ ಗಡಿಯಾರ ಓಡುತ್ತದೆ. ಬ್ಲೋವರ್ ನಿಂತಿದ್ದಾಗಲೂ ಆ ಸ್ವಿಚ್ 'ಗಾಳಿ ಇದೆ' ಎನ್ನುತ್ತಿದ್ದರೆ ಅದು ಕಚ್ಚಿಕೊಂಡಿದೆ ಎಂದರ್ಥ. ಒಳ್ಳೆಯ ಕಂಟ್ರೋಲರ್ ಆಗ ಶುರುವಾಗುವುದೇ ಇಲ್ಲ. ಜ್ವಾಲೆಯ ಸೆನ್ಸರಿಗೂ ಪರೀಕ್ಷೆ ಆಗುವುದು ಇದೇ ಹೊತ್ತಿನಲ್ಲಿ. ಗ್ಯಾಸೇ ಬಿಟ್ಟಿಲ್ಲದಿರುವಾಗ ಅದು ಬೆಂಕಿ ಕಾಣುತ್ತಿದೆ ಎಂದರೆ ಸೆನ್ಸರ್ ಕೆಟ್ಟಿದೆ, ಇಲ್ಲವೇ ವಾಲ್ವ್ ಸೋರಿ ಒಳಗೆ ನಿಜಕ್ಕೂ ಏನೋ ಉರಿಯುತ್ತಿದೆ. ಎರಡರಲ್ಲಿ ಯಾವುದಾದರೂ ಮುಂದೆ ಹೋಗುವಂತಿಲ್ಲ.

ಆಮೇಲೆ ಪೈಲಟ್. ಗಾಳಿಯನ್ನು ತಗ್ಗಿಸಿ, ಕಿಡಿ ಹಾರಿಸಿ, ಪೈಲಟ್ ವಾಲ್ವ್ ತೆರೆದು ಪುಟ್ಟ ಜ್ವಾಲೆ ಹೊತ್ತಿಸಲಾಗುತ್ತದೆ. ಇದಕ್ಕೆ ಕೊಡುವ ಕಾಲ ಹೆಚ್ಚೆಂದರೆ 10 ಸೆಕೆಂಡು. ಅಷ್ಟರಲ್ಲಿ ಕಿಡಿಯನ್ನು ನಿಲ್ಲಿಸಿ ನೋಡಬೇಕು, ಏಕೆಂದರೆ ಅತಿನೇರಳೆ ಕಿರಣದ ಸೆನ್ಸರ್ ಕಿಡಿಯನ್ನೂ ಬೆಂಕಿ ಎಂದು ಓದಬಹುದು. ಕಿಡಿಯಿಲ್ಲದೆಯೂ ಪೈಲಟ್ ತಾನೇ ನಿಂತು ಉರಿದರೆ ಮಾತ್ರ ಮುಖ್ಯ ವಾಲ್ವ್ ತೆರೆಯುತ್ತದೆ. ದೊಡ್ಡ ಜ್ವಾಲೆ ಹೊತ್ತಿದ ಮೇಲೆ ಪೈಲಟ್ಟನ್ನು ಮುಚ್ಚುವುದು ಸರಿಯಾದ ಕ್ರಮ. ಇಲ್ಲವಾದರೆ ಸೆನ್ಸರ್ ಪೈಲಟ್ಟನ್ನೇ ನೋಡಿಕೊಂಡು ದೊಡ್ಡ ಜ್ವಾಲೆ ಆರಿದ್ದನ್ನು ಗಮನಿಸದೆ ಹೋದೀತು.

ನಡುವೆ ಜ್ವಾಲೆ ಆರಿದರೆ ಒಂದರಿಂದ ನಾಲ್ಕು ಸೆಕೆಂಡಿನೊಳಗೆ ಎಲ್ಲ ಗ್ಯಾಸ್ ವಾಲ್ವ್‌ಗಳೂ ಮುಚ್ಚಬೇಕು. ಹತ್ತು ಸೆಕೆಂಡಿನ ಲೆಕ್ಕದ ಮುಂದೆ ನಾಲ್ಕು ಕೂಡ ಧಾರಾಳವಾಗಿಲ್ಲ. ಆಮೇಲೆ ಲಾಕ್‌ಔಟ್. ಕೆಂಪು ದೀಪ ಹೊತ್ತುತ್ತದೆ, ಮನುಷ್ಯನ ಕೈ ರೀಸೆಟ್ ಒತ್ತುವವರೆಗೆ ಯಂತ್ರ ಅಲುಗಾಡುವುದಿಲ್ಲ.

ಹೆಚ್ಚು ತಪ್ಪು ನಡೆಯುವುದು ಇಲ್ಲೇ. ರೀಸೆಟ್ ಒತ್ತುತ್ತ ಹೋದರೆ ಪ್ರತಿ ಸಲವೂ ಪರ್ಜ್ ಆಗುತ್ತದಲ್ಲ, ಹೆದರಿಕೆ ಏಕೆ ಎಂದು ಕೇಳುವವರಿದ್ದಾರೆ. ಡೀಸೆಲ್ ಬರ್ನರ್‌ನಲ್ಲಿ ಆ ಮಾತು ಪೂರ್ತಿ ಸುಳ್ಳು. ಹೊತ್ತದೆ ಉಳಿದ ಎಣ್ಣೆ ಕುಲುಮೆಯ ತಳದಲ್ಲಿ ನಿಂತಿರುತ್ತದೆ, ಗಾಳಿಗೆ ಅದು ಹಾರಿಹೋಗುವುದಿಲ್ಲ. ಐದನೇ ಸಲ ಬರ್ನರ್ ಹೊತ್ತಿದಾಗ ಅಷ್ಟೂ ಎಣ್ಣೆ ಒಟ್ಟಿಗೆ ಉರಿಯುತ್ತದೆ. ಗ್ಯಾಸ್ ಬರ್ನರ್‌ನಲ್ಲೋ, ಬೇಗ ಹೊತ್ತಲಿ ಎಂದು ಪರ್ಜ್ ಟೈಮರ್ ತಗ್ಗಿಸಿಟ್ಟಿದ್ದರೆ ಕಾಪಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಸರಣಿ ಯಾವ ಹೆಜ್ಜೆಯಲ್ಲಿ ನಿಂತಿತು ಎಂದು ನೋಡಿದರೆ ಕಾರಣದ ಅರ್ಧ ತಿಳಿದಂತೆ. ಪೈಲಟ್ ಹೊತ್ತಲೇ ಇಲ್ಲವೆಂದರೆ ಇಲೆಕ್ಟ್ರೋಡಿನ ಪಿಂಗಾಣಿ ಬಿರುಕು ಬಿಟ್ಟಿರಬಹುದು, ತುದಿಗಳ ಅಂತರ ತಪ್ಪಿರಬಹುದು. ಇಣುಕು ಗಾಜಿನಲ್ಲಿ ಪೈಲಟ್ ಚೆನ್ನಾಗಿಯೇ ಕಾಣುತ್ತದೆ, ಆದರೂ ಲಾಕ್‌ಔಟ್ ಆಗುತ್ತದೆ ಎಂದರೆ ಸೆನ್ಸರಿನ ಗಾಜಿಗೆ ಮಸಿ ಕಟ್ಟಿರುವ ಸಂಭವವೇ ಹೆಚ್ಚು. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಪೈಲಟ್ ನಿಂತು ದೊಡ್ಡ ಜ್ವಾಲೆ ಆರಿಹೋದರೆ ಗ್ಯಾಸಿನ ಒತ್ತಡವನ್ನೂ ಗಾಳಿಯ ಹೊಂದಾಣಿಕೆಯನ್ನೂ ನೋಡಬೇಕು.

ಬಾಯ್ಲರ್ ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೇ: ರೀಸೆಟ್ಟನ್ನು ಒಂದು ಸಲ ಒತ್ತಿ. ಮತ್ತೆ ಕೆಂಪು ದೀಪ ಬಂದರೆ ಗ್ಯಾಸಿನ ಕೈವಾಲ್ವ್ ಮುಚ್ಚಿ ಕಾರಣ ಹುಡುಕಿ, ನಿಮಗೆ ಸಿಗದಿದ್ದರೆ ಸರ್ವಿಸ್‌ನವರು ಬರುವವರೆಗೆ ಹಾಗೇ ಬಿಡಿ. ಮಾಲೀಕರು ಅವಸರಪಡಿಸಿದರೂ ಪರ್ಜ್ ಟೈಮರನ್ನು ಮಾತ್ರ ಮುಟ್ಟಬೇಡಿ.