ಬಂಡಿಗೂ ಉಸಿರು ಬೇಕು

ಕಳೆದ ಚಳಿಗಾಲದಲ್ಲಿ ಮೈಸೂರಿನಿಂದ ವಿಶಾಖಪಟ್ಟಣದ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿಂದ ನಾನೂ ಅಕ್ಕನ ಮಗನೂ ಬೈಕಿನಲ್ಲಿ ವಿಜಯವಾಡಕ್ಕೆ ಹೊರಟೆವು. ಸುಮಾರು 350 ಕಿಲೋಮೀಟರ್ ದಾರಿ. ಬೈಕು ಅವನ ಅಪ್ಪನದು. ಕಾರ್ಬುರೇಟರ್ ಇರುವ ಹಳೆಯ ಬಂಡಿ. ಹಿಂದಿನ ದಿನ ಹುಡುಗ ಅದನ್ನು ತೊಳೆದು, ಪಾಲಿಶ್ ಹಚ್ಚಿ, ಮಿರಮಿರನೆ ಮಿಂಚಿಸಿದ್ದ. ಗಾಜುವಾಕದಲ್ಲಿ ಟ್ಯಾಂಕ್ ತುಂಬಿಸಿಕೊಂಡೆವು.

ಏಳೆಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಬಂಡಿ ಮುಗ್ಗರಿಸತೊಡಗಿತು. ಎಳೆತ ಕಡಿಮೆಯಾಗಿ ನಿಂತೇಹೋಯಿತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ, ಏನೂ ಆಗಿಲ್ಲವೆಂಬಂತೆ ಹೊರಟಿತು. ಮತ್ತೆ ಅಷ್ಟೇ ದೂರ, ಮತ್ತೆ ಅದೇ ಕಥೆ. ಪ್ಲಗ್ ಬದಲಿಸಿದರೂ ಗುಣ ಕಾಣಲಿಲ್ಲ.

ಅನಕಾಪಲ್ಲಿಯ ಮೆಕ್ಯಾನಿಕ್ ನಮ್ಮ ಕಥೆ ಕೇಳಿ, "ಟ್ಯಾಂಕುಲೋಕಿ ಗಾಲಿ ರಾವಟ್ಲೇದು" ಎಂದ. ನಾನು ಚಕ್ರದ ಕಡೆ ನೋಡಿದೆ. ಹುಡುಗ ನಕ್ಕು, "ಮಾಮ, ಗಾಲಿ ಅಲ್ಲ, ಗಾಳಿ!" ಎಂದ.

ಟ್ಯಾಂಕಿನಿಂದ ಪೆಟ್ರೋಲ್ ತನ್ನ ಭಾರದಿಂದಲೇ ಕಾರ್ಬುರೇಟರಿಗೆ ಇಳಿಯುತ್ತದೆ. ಇಳಿದಷ್ಟು ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಟ್ಯಾಂಕಿನ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಅದು ಮುಚ್ಚಿದರೆ ಒಳಗೆ ನಿರ್ವಾತ ಹೆಚ್ಚುತ್ತಾ ಪೆಟ್ರೋಲನ್ನು ಮೇಲಕ್ಕೇ ಹಿಡಿದಿಡುತ್ತದೆ. ಟ್ಯಾಂಕ್ ಇರುವುದು ಕಾರ್ಬುರೇಟರಿಗಿಂತ ಒಂದು ಗೇಣು ಮೇಲೆ; ಆದ್ದರಿಂದ ಅಲ್ಪ ನಿರ್ವಾತವೇ ಸಾಕು. ಕಾರ್ಬುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲ್ ಮುಗಿಯುವವರೆಗೆ ಎಂಜಿನ್ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತಾಗ ಗಾಳಿ ಎಲ್ಲಿಂದಲೋ ನಿಧಾನವಾಗಿ ನುಸುಳಿ ಬಟ್ಟಲು ಮತ್ತೆ ತುಂಬುತ್ತದೆ. ಟ್ಯಾಂಕ್ ಭರ್ತಿಯಾಗಿದ್ದರೆ ಒಳಗಿನ ಗಾಳಿಯ ಜಾಗ ಕಡಿಮೆ. ಹಾಗಾಗಿ ತೊಂದರೆ ಇನ್ನೂ ಬೇಗ ಕಾಣುತ್ತದೆ. ಗ್ಯಾರೇಜಿನ ಸುತ್ತ ಒಂದು ಸುತ್ತು ಹೊಡೆದರೆ ಮಾತ್ರ ಇದು ಸಿಕ್ಕಿಬೀಳುವುದಿಲ್ಲ.

ಮೆಕ್ಯಾನಿಕ್ ತಾನೇ ಬಂಡಿ ಓಡಿಸಿದ. ಅದು ನಿಂತ ಕೂಡಲೇ ಮುಚ್ಚಳ ತೆರೆದ. 'ಸುಯ್' ಎಂದು ಗಾಳಿ ಒಳನುಗ್ಗಿತು; ಅರೆ ನಿಮಿಷದಲ್ಲಿ ಎಂಜಿನ್ ಹೊರಟಿತು. ಇದೇ ಪರೀಕ್ಷೆ. ಮುಚ್ಚಳ ತೆರೆದರೂ ಬಂಡಿ ಚೇತರಿಸಿಕೊಳ್ಳದಿದ್ದರೆ ದೋಷ ಬೇರೆ ಕಡೆ: ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್, ಕಸ ಕಟ್ಟಿದ ಪೆಟ್ರೋಲ್ ಕಾಕ್.

ನಮ್ಮ ಮುಚ್ಚಳದ ರಂಧ್ರದಲ್ಲಿ ಪಾಲಿಶ್, ಧೂಳು ಸೇರಿ ಗಟ್ಟಿಯಾಗಿತ್ತು. ಅವನು ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತೆಳು ತಂತಿಯಿಂದ ಬಿಡಿಸಿ, ಏರ್ ಪೈಪಿನಿಂದ ಊದಿದ. ರಂಧ್ರವನ್ನು ದೊಡ್ಡದು ಮಾಡಬಾರದು, ಮಳೆನೀರು ಒಳಗಿಳಿಯುತ್ತದೆ. ಮುಚ್ಚಳ ಸಡಿಲ ಬಿಟ್ಟು ಓಡಿಸುವುದಂತೂ ಬೇಡ. ಪೆಟ್ರೋಲ್ ಚೆಲ್ಲಿ ಬೆಂಕಿಗೆ ದಾರಿ. ಟ್ಯಾಂಕಿಗೆ ಹೊದಿಸುವ ರೆಕ್ಸಿನ್ ಕವರೂ ಈ ರಂಧ್ರವನ್ನು ಮುಚ್ಚಬಲ್ಲದು.

2020ರ ಬಿಎಸ್-6 ನಿಯಮದ ನಂತರದ ಬೈಕುಗಳಲ್ಲಿ ಪೆಟ್ರೋಲನ್ನು ಸಾಮಾನ್ಯವಾಗಿ ಪಂಪು ತಳ್ಳುತ್ತದೆ. ಆದರೂ ಟ್ಯಾಂಕಿಗೆ ಗಾಳಿ ಬೇಕೇ ಬೇಕು. ಅಲ್ಲಿ ಗಾಳಿಯ ಕೊಳವೆ ಮಡಚಿದೆಯೇ ಎಂದೂ ನೋಡಿಸಿ.

ಸಂಜೆ ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜ್ ಕಂಡಾಗ ಹುಡುಗ ಕೇಳಿದ: "ಮಾಮ, ಗಾಲಿ ಸರಿಯಿದೆಯಾ?" "ಎರಡೂ ಸರಿಯಿದೆಯಪ್ಪಾ" ಎಂದೆ.